ಐದು ನಂಬರಿನ ಚೆಂಡು

ದೀಪಾವಳಿಗೆ ಊರಿಗೆ ಹೋದಾಗ ಅಣ್ಣನ ಮಗಳು ವಾಲಿಬಾಲ್ ಬಿಟ್ಟಿದ್ದು ಗೊತ್ತಾಯಿತು. ಎಂಟನೇ ಕ್ಲಾಸಿನ ಹುಡುಗಿ. ಹಿಂದಿನ ವರ್ಷ ಫೋನಿನಲ್ಲಿ ಬರೀ ಸರ್ವಿಸಿನದೇ ಮಾತು. ಈಗ ಕೇಳಿದರೆ, "ಕೈ ಉರೀತಾವ ಕಾಕಾ. ನನಗ ಆಗಂಗಿಲ್ಲ ಅದು" ಅಂತ ಮುಂಗೈ ತೋರಿಸಿದಳು. ಮಣಿಕಟ್ಟಿನ ಮೇಲೆ ನೀಲಿಗಟ್ಟಿತ್ತು.

ನಮ್ಮೂರು ರೋಣದ ಕಡೆಯ ಮೆಣಸಗಿ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಆ ಸಲ ನಾವು ಗೆಳೆಯರು ಮಕ್ಕಳ ತಂಡಕ್ಕೆ ಚೆಂಡು ಕೊಡಿಸೋಣ ಎಂದು ವಾಟ್ಸ್ಯಾಪ್ ಗುಂಪಿನಲ್ಲಿ 4,500 ರೂಪಾಯಿ ಕೂಡಿಸಿದ್ದೆವು. ಲೆಕ್ಕ ನನ್ನ ತಲೆಗೆ ಬಂದಿತ್ತು. ಆಟ ಕಲಿಸುವ ಸರ್ ಹಳೆಯ ಚೆಂಡೊಂದನ್ನು ನನ್ನ ಕೈಗೆ ಕೊಟ್ಟು, "ತಮ್ಮಾ, ಇಂಥವ ಎರಡು ವಾಲಿಬಾಲ್ ತಗೊಂಡ್ ಬಾ. ಐದು ನಂಬರು. ಉಳಿದ ರೊಕ್ಕಕ್ಕ ಒಂದು ಫುಟ್ಬಾಲ್" ಅಂದರು. ಆ ಚೆಂಡು ಯಾರೋ ಯಾವಾಗಲೋ ದಾನ ಕೊಟ್ಟದ್ದಂತೆ. ಬಣ್ಣ ಹೋಗಿತ್ತು, ಹೊಲಿಗೆ ಗಟ್ಟಿಯಿತ್ತು.

ಮನೆಗೆ ತಂದು ನೋಡಿದೆ. ಉದ್ದುದ್ದ ಪಟ್ಟಿಗಳ ಚೆಂಡು. ಮೂರು ಪಟ್ಟಿ ಸೇರಿ ಒಂದು ಗುಂಪು, ಪಕ್ಕದ ಗುಂಪಿನ ಪಟ್ಟಿಗಳು ಅದಕ್ಕೆ ಅಡ್ಡಡ್ಡ. ಡಬ್ಬಿಗೆ ಆರು ಮುಖ ಇರುವ ಹಾಗೆ ಅಂಥ ಆರು ಗುಂಪು, ಒಟ್ಟು 18 ಪಟ್ಟಿ. ಇದನ್ನು ಕಂಡರೆ ಯಾರೂ ವಾಲಿಬಾಲ್ ಅಂತಲೇ ಹೇಳುತ್ತಾರೆ. ಫುಟ್ಬಾಲ್ ಅಂದರೆ ನಮ್ಮ ಕಣ್ಣಿಗೆ ಬರುವುದು ಆರು ಮೂಲೆಯ 20 ತುಂಡು, ಐದು ಮೂಲೆಯ 12 ತುಂಡು ಸೇರಿಸಿ ಹೊಲಿದ ಚೆಂಡು. 1970ರ ಮೆಕ್ಸಿಕೊ ವಿಶ್ವಕಪ್‌ನ ಟೆಲ್‌ಸ್ಟಾರ್ ಆ ಕಪ್ಪು ಬಿಳಿ ರೂಪವನ್ನು ಜಗತ್ತಿಗೆಲ್ಲ ಪರಿಚಯಿಸಿತು. ಆದರೆ ಅದಕ್ಕೂ ಮುಂಚೆ ಪಟ್ಟಿ ಹೊಲಿದ ಫುಟ್ಬಾಲುಗಳೇ ಹೆಚ್ಚು ಇದ್ದವು, ಈಗಲೂ 18 ಪಟ್ಟಿಯ ಫುಟ್ಬಾಲು ಸಿಗುತ್ತದೆ. ಅಂದರೆ ಆರು ಮೂಲೆಯ ತುಂಡು ಕಂಡರೆ ಧೈರ್ಯವಾಗಿ ಫುಟ್ಬಾಲ್ ಅನ್ನಬಹುದು, ಪಟ್ಟಿ ಕಂಡ ಕೂಡಲೇ ವಾಲಿಬಾಲ್ ಅನ್ನುವ ಹಾಗಿಲ್ಲ. ವಾಲಿಬಾಲಿನಲ್ಲೂ ಎಣಿಕೆ ಒಂದೇ ಇಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಆಡಿದ ಮಿಕಾಸಾ ಚೆಂಡಿಗೆ ಎಂಟೇ ತುಂಡು, 2019ರಲ್ಲಿ ಬಂದ ಅದೇ ಕಂಪನಿಯ ಚೆಂಡಿಗೆ ಮತ್ತೆ 18.

ಅಚ್ಚು ಹುಡುಕಿದೆ. '5' ಎಂಬ ಅಂಕಿ ಸ್ಪಷ್ಟ. ಅದರ ಕೆಳಗೆ 'ಆಫಿಷಿಯಲ್ ಸೈಜ್ ಅಂಡ್ ವೇಟ್' ಅಂತ ಅರ್ಧ ಅಳಿಸಿದ ಅಕ್ಷರ. ಯಾವ ಆಟದ ಆಫಿಷಿಯಲ್ಲೋ ಆ ಅಚ್ಚು ಹೇಳುವುದಿಲ್ಲ! ಐದು ನಂಬರ್ ಅನ್ನುವುದೂ ಹಾಗೆಯೇ. ವಾಲಿಬಾಲಿನ ಐದು ನಂಬರಿಗೆ ಸುತ್ತಳತೆ 65ರಿಂದ 67 ಸೆಂಟಿಮೀಟರ್, ಫುಟ್ಬಾಲಿನ ಐದಕ್ಕೆ 68ರಿಂದ 70. ಅಡ್ಡಳತೆಗೆ ಇಳಿಸಿದರೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ವ್ಯತ್ಯಾಸ. ಕಣ್ಣಿಗೆ ಕಾಣುವಂಥದ್ದಲ್ಲ.

ಅವ್ವನ ಹೊಲಿಗೆ ಟೇಪು ತಂದು ಹೊಟ್ಟೆಯ ಸುತ್ತ ಮೂರು ಕಡೆ ಅಳೆದೆ. 67ರ ಆಸುಪಾಸು ಬಂತು. ಸರಿ, ವಾಲಿಬಾಲೇ ಇದ್ದೀತು ಅಂದುಕೊಂಡೆ. ನಾನು ತಪ್ಪಿದ್ದು ಇಲ್ಲೇ. ಚೆಂಡು ಮೆತ್ತಗಿತ್ತು, ಹೆಬ್ಬೆರಳು ಒತ್ತಿದರೆ ಒಳಗೆ ಹೋಗುತ್ತಿತ್ತು. ಹವಾ ಕಡಿಮೆಯಿದ್ದಾಗ ಚೆಂಡು ತನ್ನ ಪೂರ್ತಿ ಅಳತೆಗೆ ಬರುವುದಿಲ್ಲ. ವಾಲ್ವಿನ ತೂತಿನ ಹತ್ತಿರ ಬ್ಯಾಟರಿ ಬೆಳಕು ಬಿಟ್ಟು ನೋಡಿದಾಗ ಸಣ್ಣ ಅಕ್ಷರ ಕಂಡಿತು: '8-10 ಪೌಂಡ್'. ಅಲ್ಲಿಗೆ ಅನುಮಾನ ಶುರುವಾಯಿತು. ವಾಲಿಬಾಲಿಗೆ ಬೇಕಾದ ಒತ್ತಡ ಒಂದು ಚದರ ಸೆಂಟಿಮೀಟರಿಗೆ 0.30ರಿಂದ 0.325 ಕಿಲೋ, ಅಂದರೆ ಪೌಂಡಿನ ಲೆಕ್ಕದಲ್ಲಿ ನಾಲ್ಕೂವರೆಯ ಸುತ್ತಮುತ್ತ. ಎಂಟು, ಹತ್ತು ಪೌಂಡು ಕಾಲಿನಿಂದ ಒದೆಯುವ ಚೆಂಡಿನ ಮಾತು.

ಚೆಂಡು ಒರೆಸಿ, ಬಿಸಿಲಿಗೆ ಒಣಗಿಸಿ ಕಿರಾಣಿ ಅಂಗಡಿಗೆ ಒಯ್ದೆ. ಎರೆಮಣ್ಣು ಹೊಲಿಗೆಯೊಳಗೆ ಕೂತರೆ ತೂಕ ಕೊಂಚ ಏರುತ್ತದೆ, ಅದಕ್ಕೇ ಒರೆಸಿದ್ದು. ಸಕ್ಕರೆ ತೂಗುವ ತಕ್ಕಡಿಯ ಮೇಲೆ ಇಟ್ಟರೆ 428 ಗ್ರಾಂ. ವಾಲಿಬಾಲು 260ರಿಂದ 280 ಗ್ರಾಂ ಇರಬೇಕು, ಐದು ನಂಬರಿನ ಫುಟ್ಬಾಲು 410ರಿಂದ 450. ಮಣ್ಣು ಎಷ್ಟೇ ಕೂತರೂ ನೂರೈವತ್ತು ಗ್ರಾಂ ಕೂರುವುದಿಲ್ಲ. ಆಮೇಲೆ ಹವಾ ತುಂಬಿಸಿ ಅಳೆದಾಗ ಸುತ್ತಳತೆಯೂ 69ಕ್ಕೆ ಬಂತು. ಆ ಮಕ್ಕಳು ಇಷ್ಟು ದಿನ ಒದೆಯುವ ಚೆಂಡನ್ನು ಮುಂಗೈಯಲ್ಲಿ ಎತ್ತುತ್ತಿದ್ದರು. ಸೈಕಲ್ ಅಂಗಡಿಯಲ್ಲಿ ಬಿಗಿಯಾಗಿ ಹವಾ ತುಂಬಿಸಿದ ದಿನ ಕೈ ಇನ್ನಷ್ಟು ಉರಿದಿರಬೇಕು. ಸರ್‌ಗೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾ ಹುಡುಗ್ಯಾರಿಗೆ ಬೈದೇನಲ್ಲಪಾ, ಸರ್ವಿಸ್ ನೆಟ್ ದಾಟಂಗಿಲ್ಲ ಅಂತ" ಅಂದರು.

ಮರುದಿನ ಗದಗಿಗೆ ಹೋದೆ. ಅಂಗಡಿಯಲ್ಲಿ ಚೆಂಡುಗಳು ಹವಾ ಇಲ್ಲದೆ ಬಟ್ಟಲಿನಂತೆ ಮಡಚಿಕೊಂಡು ಕವರಿನಲ್ಲಿರುತ್ತವೆ. "ಹವಾ ಹಾಕಿದ್ರ ವಾಪಸ್ ತಗೊಳ್ಳಂಗಿಲ್ರೀ ಸರ್" ಅಂದರು ಅಂಗಡಿಯವರು. ಅವರ ಮಾತೂ ಸರಿ. ಆದರೆ ಖಾಲಿ ಚೆಂಡನ್ನು ಟೇಪಿನಿಂದ ಅಳೆಯಲು ಬರುವುದಿಲ್ಲ. ತೂಗಲು ಮಾತ್ರ ಬರುತ್ತದೆ, ಹವಾದ ತೂಕ ಕೆಲವೇ ಗ್ರಾಂ. ಪಕ್ಕದ ಬೇಕರಿಯ ತಕ್ಕಡಿ ಬೇಡಿಕೊಂಡೆ. ಹಳದಿ ನೀಲಿ ಬಣ್ಣದ, 'ವಾಲಿಬಾಲ್' ಅಂತಲೇ ಅಚ್ಚಿದ್ದ ಎರಡು ಚೆಂಡು 268, 271 ತೂಗಿದವು. ಪಕ್ಕದಲ್ಲಿ ಪಟ್ಟಿಯ ವಿನ್ಯಾಸದ, '4' ಅಂಕಿಯ ಇನ್ನೊಂದು ಚೆಂಡಿತ್ತು. "ಹುಡುಗ್ಯಾರಿಗೆ ಇದ ಛಲೋರಿ, ಸಣ್ಣದೈತಿ" ಅಂದರು. ತೂಗಿದರೆ 370. ಅದು ನಾಲ್ಕು ನಂಬರಿನ ಫುಟ್ಬಾಲು. ಅದರ ಸುತ್ತಳತೆ 63.5ರಿಂದ 66 ಸೆಂಟಿಮೀಟರ್ ಇರುವುದರಿಂದ, ಹವಾ ತುಂಬಿ ಟೇಪು ಹಿಡಿದಿದ್ದರೆ ವಾಲಿಬಾಲಿನ ಅಳತೆಯೇ ಬರಬಹುದಿತ್ತು! ಟೇಪನ್ನೊಂದೇ ನಂಬಿದ್ದರೆ ಎರಡನೇ ಸಲವೂ ಮೋಸಹೋಗಬಹುದಿತ್ತು.

ಫುಟ್ಬಾಲಿನದು ಸುಲಭವಾಯಿತು. ಎಂಟು, ಒಂಬತ್ತನೇ ಕ್ಲಾಸಿನ ಹುಡುಗರಿಗೆ ಐದು ನಂಬರು ಸರಿ, ನಾಲ್ಕು ಅದಕ್ಕಿಂತ ಚಿಕ್ಕವರಿಗೆ. 'ಫಿಫಾ ಬೇಸಿಕ್' ಗುರುತಿನ ಚೆಂಡೂ ಇತ್ತು. ಎರೆಯ ಮೈದಾನದಲ್ಲಿ ದಿನಾ ಒದೆಯಲು ಆ ಗುರುತಿಗೆ ಹೆಚ್ಚು ರೊಕ್ಕ ಕೊಡುವುದು ಬೇಡ ಅನ್ನಿಸಿ, ಕೈಹೊಲಿಗೆಯ ಸಾದಾ ಚೆಂಡು ತಗೊಂಡೆ. ಕೆಲವು ಅಗ್ಗದ ರಬ್ಬರ್ ಚೆಂಡುಗಳ ಮೇಲೆ ಹೊಲಿಗೆಯ ಗೆರೆ ಬರೀ ಅಚ್ಚು, ಉಗುರಿನಿಂದ ಗೀರಿದರೆ ದಾರ ಸಿಗುವುದಿಲ್ಲ. ಉಳಿದ ರೊಕ್ಕಕ್ಕೆ ಒಂದು ಕೈಪಂಪು, ಎರಡು ಸೂಜಿ, ಒತ್ತಡ ತೋರಿಸುವ ಸಣ್ಣ ಮೀಟರು ಬಂತು. ನಮ್ಮ ಸೈಕಲ್ ಅಂಗಡಿಯ ಮೀಟರಿನ ಮೊದಲ ಗೆರೆಯೇ ಹತ್ತು ಪೌಂಡಿನದು, ನಾಲ್ಕೂವರೆಯನ್ನು ಅದು ತೋರಿಸುವುದಿಲ್ಲ.

ಮನೆಯಲ್ಲಿ ಸೂಜಿಗೆ ನೀರು ಹಚ್ಚಿ ಮೆಲ್ಲಗೆ ಚುಚ್ಚಿದೆ. ಒಣಸೂಜಿ ಚುಚ್ಚಿದರೆ ವಾಲ್ವು ಹರಿಯುತ್ತದೆ. ನಾಲ್ಕೂವರೆಗೆ ನಿಲ್ಲಿಸಿ ಹುಡುಗಿಯ ಕೈಗೆ ಕೊಟ್ಟೆ. ಒಮ್ಮೆ ಮೇಲೆ ಹಾರಿಸಿ ಹಿಡಿದು, ಅನುಮಾನದಿಂದ ನನ್ನ ಮುಖ ನೋಡಿದಳು.

"ಕಾಕಾ, ಇದರಾಗ ಏನೂ ಇಲ್ಲಲಾ?"

ಆಮೇಲೆ ಕತ್ತಲಾಗುವ ತನಕ ಹಿತ್ತಲ ಗೋಡೆಗೆ ಚೆಂಡು ಬಡಿಯುವ ಸಪ್ಪಳ. ಹಳೆಯ ಚೆಂಡಿನ ಮೇಲೆ ಮಾರ್ಕರಿನಿಂದ ದಪ್ಪಗೆ 'ಫುಟ್ಬಾಲ್' ಅಂತ ಬರೆದು ಓಣಿಯ ಹುಡುಗರಿಗೆ ಕೊಟ್ಟುಬಿಟ್ಟೆ.