ಜಾತ್ರೆಯಿಂದ ಜಾತ್ರೆಗೆ ಒಂದೇ ಬ್ಯಾಟರಿ

ಅರಸೀಕೆರೆ ಹತ್ತಿರದ ಮಾಲೇಕಲ್ಲು ಬೆಟ್ಟದ ಕೆಳಗೆ ನಮ್ಮ ತೆಂಗಿನ ತೋಟ ಇದೆ. ಹಳೇ ಮರಗಳು ಹೇಗೋ ತಾಳಿಕೊಳ್ಳುತ್ತವೆ. ಚಿಂತೆ ಇರೋದು ತೋಟದ ಕೆಳತುದಿಯಲ್ಲಿ ಹಾಕಿರುವ ಎರಡು ವರ್ಷದ ಸಸಿಗಳದ್ದು. ಬೋರ್‌ನಲ್ಲಿ ನೀರು ಕಡಿಮೆ, ತ್ರೀಫೇಸ್ ಕರೆಂಟ್ ಬರೋದು ಕೆಲವೇ ಗಂಟೆ. ಹಾಗಾಗಿ ಯಾವ ದಿನ ಯಾವ ಕಡೆಗೆ ನೀರು ತಿರುಗಿಸಬೇಕು ಅನ್ನೋದು ಅಪ್ಪನಿಗೆ ದಿನದಿನದ ಲೆಕ್ಕಾಚಾರ. ಮಂಡಿನೋವು ಇಟ್ಟುಕೊಂಡು ಅಷ್ಟು ದೂರ ನಡೆದು, ಪಾತಿಯ ಮಣ್ಣು ಕೆದಕಿ ನೋಡಿ ಬರುತ್ತಿದ್ದರು.

ಬೆಂಗಳೂರಲ್ಲಿ ಕೂತು ನಾನು ಮಾಡಬಹುದಾದದ್ದು ಒಂದು ಪುಟ್ಟ ಪೆಟ್ಟಿಗೆ. ಒಳಗೆ ಇಎಸ್‌ಪಿ32 ಅನ್ನೋ ವೈಫೈ ಇರುವ ಚಿಪ್, ಮಣ್ಣಿನ ತೇವ ಅಳೆಯುವ ಒಂದು ಸೆನ್ಸರ್, ಒಂದು ಲಿಥಿಯಂ ಬ್ಯಾಟರಿ. ತೋಟದ ಮನೆಯ ರೂಟರ್ ಅಲ್ಲಿಂದ ನಲವತ್ತು ಮೀಟರ್ ದೂರ, ಸಿಗ್ನಲ್ ಸಿಗುತ್ತೆ. ಅಪ್ಪನ ಮೊಬೈಲ್‌ನಲ್ಲಿ ಒಂದು ಅಂಕಿ ಕಾಣುತ್ತೆ, ಅಷ್ಟೆ.

ಅಪ್ಪ ಮೊದಲು ಕೇಳಿದ್ದು ತೇವದ ವಿಷಯ ಅಲ್ಲವೇ ಅಲ್ಲ. "ಇದುಕ್ಕೆ ಸೆಲ್ ಎಷ್ಟು ದಿನಕ್ಕೊಂದ್ಸಲ ಹಾಕ್ಬೇಕವ್ವಾ?" ಅಂದರು. ಕೇಳಬೇಕಾದ ಪ್ರಶ್ನೆಯೇ ಅದು. ಬ್ಯಾಟರಿ ಸತ್ತರೆ ಪೆಟ್ಟಿಗೆ ಕೂಗಿ ಹೇಳುವುದಿಲ್ಲ. ಮೊಬೈಲ್‌ನಲ್ಲಿ ಕೊನೆಗೆ ಬಂದ ಅಂಕಿ ಹಾಗೇ ನಿಂತಿರುತ್ತೆ. ಅದು "ತೇವ ಇದೆ" ಅಂತಿದ್ದರೆ ಅಪ್ಪ ನೀರು ಬಿಡೋದಿಲ್ಲ, ಸಸಿ ಒಣಗುತ್ತೆ. ನಾನು ಖಂಡಿತ ಊರಲ್ಲಿರೋದು ವರ್ಷಕ್ಕೊಮ್ಮೆ, ಬೆಟ್ಟದ ಜಾತ್ರೆಗೆ. ಹಾಗಾಗಿ ಗುರಿ ಸರಳ: ಒಂದು ಜಾತ್ರೆಗೆ ಹಾಕಿದ ಬ್ಯಾಟರಿ ಮುಂದಿನ ಜಾತ್ರೆ ತನಕ ಬರಬೇಕು.

ಲೆಕ್ಕ ಏನೂ ಕಷ್ಟದ್ದಲ್ಲ. ಬ್ಯಾಟರಿ ಒಂದು ತೊಟ್ಟಿ, ಸರ್ಕ್ಯೂಟ್ ಎಳೆಯುವ ಕರೆಂಟು ಅದರ ನಲ್ಲಿ. ನನ್ನ ಬ್ಯಾಟರಿಯ ಮೇಲೆ 2600 ಮಿಲಿಆಂಪ್‌ ಅವರ್ ಅಂತ ಬರೆದಿದೆ. ಅಷ್ಟೂ ಕೈಗೆ ಸಿಗೋದಿಲ್ಲ, ಪೂರ್ತಿ ಖಾಲಿಯಾಗುವ ಮೊದಲೇ ವೋಲ್ಟೇಜ್ ಇಳಿದು ಚಿಪ್ ನಿಲ್ಲುತ್ತೆ. ಹಾಗಾಗಿ 2000 ಅಂತ ಹಿಡಿದೆ. ಅದನ್ನು ಸರಾಸರಿ ಮಿಲಿಆಂಪ್‌ನಿಂದ ಭಾಗಿಸಿದರೆ ಎಷ್ಟು ಗಂಟೆ ಬರುತ್ತೆ ಅಂತ ಸಿಗುತ್ತೆ. ಇಡೀ ಕಷ್ಟ ಆ "ಸರಾಸರಿ"ಯಲ್ಲಿದೆ.

ವೈಫೈಗೆ ಸೇರಿ ಅಂಕಿ ಕಳಿಸುವಾಗ ಈ ಚಿಪ್ ಸುಮಾರು 110 ಮಿಲಿಆಂಪ್ ಎಳೆಯುತ್ತೆ. ಸದಾ ಎಚ್ಚರವಾಗಿ ಬಿಟ್ಟರೆ 18 ಗಂಟೆಗೆ ತೊಟ್ಟಿ ಖಾಲಿ. ಅದಕ್ಕೇ ಡೀಪ್ ಸ್ಲೀಪ್. ಈ ನಿದ್ದೆಯಲ್ಲಿ ಪ್ರೊಸೆಸರ್, ವೈಫೈ, ಮುಖ್ಯ ಮೆಮೊರಿ ಎಲ್ಲ ಆಫ್. ಒಂದು ಸಣ್ಣ ಟೈಮರ್ ಮಾತ್ರ ಎಣಿಸುತ್ತಾ ಕೂತಿರುತ್ತೆ. ಹೊತ್ತಾದಾಗ ಅದು ಎಬ್ಬಿಸುತ್ತೆ, ಪ್ರೋಗ್ರಾಂ ಮೊದಲ ಸಾಲಿನಿಂದ ಮತ್ತೆ ಶುರುವಾಗುತ್ತೆ. ಹೀಗೆ ಮಲಗಿದಾಗ ಚಿಪ್ ಎಳೆಯೋದು ಸುಮಾರು 10 ಮೈಕ್ರೋಆಂಪ್, ಅಂದರೆ ಮಿಲಿಆಂಪ್‌ನ ನೂರನೇ ಒಂದು ಭಾಗ. ಡೇಟಾಶೀಟ್‌ನಲ್ಲಿ ಹಾಗೇ ಇದೆ, ಅದು ಸುಳ್ಳೂ ಅಲ್ಲ.

ಆದರೆ ಅದು ಚಿಪ್‌ನ ಮಾತು, ಬೋರ್ಡ್‌ನ ಮಾತಲ್ಲ. ಎಸ್.ಪಿ. ರೋಡಿನಲ್ಲಿ ಸಿಗುವಂಥ ಸಾಮಾನ್ಯ ಡೆವಲಪ್‌ಮೆಂಟ್ ಬೋರ್ಡನ್ನು ಮಲಗಿಸಿ, ಬ್ಯಾಟರಿಯ ತಂತಿಗೆ ಸರಣಿಯಲ್ಲಿ ಮಲ್ಟಿಮೀಟರ್ ಇಟ್ಟು ನೋಡಿದೆ. 9 ಮಿಲಿಆಂಪ್! ಚಿಪ್ ಮಲಗಿದೆ, ಮನೆಯವರೆಲ್ಲ ಎದ್ದಿದ್ದಾರೆ. ಕೆಂಪು ಪವರ್ ಎಲ್‌ಇಡಿ ಉರಿಯುತ್ತಲೇ ಇದೆ. ಯುಎಸ್‌ಬಿ ಚಿಪ್‌ಗೂ ಪವರ್ ಹೋಗ್ತಾ ಇದೆ. ಎಲ್ಲಕ್ಕಿಂತ ಹೊಟ್ಟೆಬಾಕ ಅಂದರೆ ಎಎಂಎಸ್1117 ಅನ್ನೋ ವೋಲ್ಟೇಜ್ ರೆಗ್ಯುಲೇಟರ್. ಯಾರಿಗೂ ಏನೂ ಕೊಡದೆ ಸುಮ್ಮನೆ ಕೂತಿದ್ದರೂ ಅದಕ್ಕೇ ಸುಮಾರು 5 ಮಿಲಿಆಂಪ್ ಬೇಕು.

ಈಗ ಒಂದು ತಮಾಷೆ ನೋಡಿ. ಪೆಟ್ಟಿಗೆ ಸಲಕ್ಕೆ 4 ಸೆಕೆಂಡ್ ಎದ್ದಿರುತ್ತೆ ಅಂತಿಟ್ಟುಕೊಳ್ಳೋಣ. ನಾಲ್ಕನ್ನು 110ರಿಂದ ಗುಣಿಸಿದರೆ 440. ಹದಿನೈದು ನಿಮಿಷಕ್ಕೊಮ್ಮೆ ಎದ್ದರೆ ಈ 440 ಅನ್ನು 900 ಸೆಕೆಂಡ್‌ಗೆ ಹಂಚಬೇಕು, ಸರಾಸರಿ 0.49 ಮಿಲಿಆಂಪ್. ನಿದ್ದೆಯ 9 ಸೇರಿದರೆ 9.49. ಬ್ಯಾಟರಿ ಬರೋದು 210 ಗಂಟೆ, ಒಂಬತ್ತು ದಿನಕ್ಕೂ ಸ್ವಲ್ಪ ಕಡಿಮೆ. "ಹಾಗಾದ್ರೆ ಗಂಟೆಗೊಮ್ಮೆ ಎಬ್ಬಿಸು" ಅಂತ ಯಾರಾದರೂ ಹೇಳಬಹುದು. ಎಬ್ಬಿಸಿದರೆ ಸರಾಸರಿ 9.12, ಬ್ಯಾಟರಿ 219 ಗಂಟೆ. ಕೆಲಸವನ್ನು ನಾಲ್ಕನೇ ಒಂದಕ್ಕೆ ಇಳಿಸಿದರೂ ಸಿಕ್ಕಿದ್ದು ಬರೀ ಒಂಬತ್ತು ಗಂಟೆ! ನಿದ್ದೆಯಲ್ಲಿ ಸೋರುತ್ತಿರುವಾಗ ಟೈಮರ್ ಎಷ್ಟು ತಿರುಗಿಸಿದರೂ ಏನೂ ಆಗೋದಿಲ್ಲ.

ಹಾಗಾಗಿ ಪ್ರೋಗ್ರಾಂ ಪಕ್ಕಕ್ಕಿಟ್ಟು ಸೋಲ್ಡರಿಂಗ್ ಐರನ್ ಹಿಡಿದೆ. ಎಲ್‌ಇಡಿ, ಯುಎಸ್‌ಬಿ ಚಿಪ್ ಯಾವುದೂ ಇಲ್ಲದ ಬರೀ ಇಎಸ್‌ಪಿ32 ಮಾಡ್ಯೂಲ್ ತಗೊಂಡು, ಎಚ್‌ಟಿ7833 ಅನ್ನೋ ರೆಗ್ಯುಲೇಟರ್ ಹಾಕಿದೆ. ಅದರ ಸ್ವಂತ ಖರ್ಚು ಸುಮಾರು 4 ಮೈಕ್ರೋಆಂಪ್. ಇನ್ನೊಂದು ಲಾಭವೂ ಇದೆ. ಎಎಂಎಸ್1117 ಕೆಲಸ ಮಾಡೋಕೆ ಒಳಬರುವ ವೋಲ್ಟೇಜ್ ಹೊರಹೋಗುವುದಕ್ಕಿಂತ ಒಂದು ವೋಲ್ಟ್‌ಗೂ ಹೆಚ್ಚು ಇರಬೇಕು, ಬ್ಯಾಟರಿ ಅರ್ಧ ಇಳಿಯುವ ಹೊತ್ತಿಗೇ ಅದಕ್ಕೆ ಏದುಸಿರು. ವೈಫೈ ಆನ್ ಆದ ಕ್ಷಣಕ್ಕೆ `Brownout detector was triggered` ಅಂತ ಬಂದು ಬೋರ್ಡ್ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಿದ್ದರೆ ಅದೇ ಕಾರಣ ಇರಬಹುದು.

ತೇವದ ಸೆನ್ಸರ್‌ಗೆ ಪವರ್ ಕೊಟ್ಟದ್ದು ಚಿಪ್‌ನ ಒಂದು ಪಿನ್‌ನಿಂದಲೇ. ಚಿಪ್ ಮಲಗಿದರೆ ಅದೂ ಮಲಗುತ್ತೆ, ಇಲ್ಲದಿದ್ದರೆ ಅದೊಂದೇ 5 ಮಿಲಿಆಂಪ್ ಕುಡಿಯುತ್ತೆ. ಬ್ಯಾಟರಿ ವೋಲ್ಟೇಜ್ ನೋಡೋಕೆ ಹಾಕುವ ಎರಡು ರೆಸಿಸ್ಟರ್‌ಗಳ ಮೇಲೂ ಕಣ್ಣಿಡಿ. ತಲಾ ನೂರು ಕಿಲೋಓಮ್ ಹಾಕಿದರೆ 21 ಮೈಕ್ರೋಆಂಪ್ ಹಗಲೂ ರಾತ್ರಿ ಹರಿಯುತ್ತೆ. ಮಲಗಿದ ಚಿಪ್‌ಗಿಂತ ಎರಡು ಪಟ್ಟು! ತಲಾ ಒಂದು ಮೆಗಾಓಮ್ ಹಾಕಿ, ಕೆಳಗಿನ ರೆಸಿಸ್ಟರ್‌ಗೆ ಒಂದು ಸಣ್ಣ ಕೆಪಾಸಿಟರ್ ಸೇರಿಸಿದೆ. ಎರಡು ಮೈಕ್ರೋಆಂಪ್‌ಗೆ ಇಳೀತು.

ಎಲ್ಲ ಮುಗಿಸಿ ಅಳೆದರೆ 30 ಮೈಕ್ರೋಆಂಪ್. ಅಳೆಯುವಾಗ ಒಂದು ಉಪಾಯ ಗೊತ್ತಿರಲಿ. ಮೀಟರನ್ನು ಮೈಕ್ರೋಆಂಪ್ ರೇಂಜಿಗಿಟ್ಟರೆ ಅದರೊಳಗೇ ಒಂದಿಷ್ಟು ವೋಲ್ಟೇಜ್ ಬಿದ್ದುಹೋಗಿ, ವೈಫೈ ಶುರುವಾಗುವಾಗ ಚಿಪ್ ರೀಸ್ಟಾರ್ಟ್ ಆಗುತ್ತೆ. ಅದಕ್ಕೆ ಮೀಟರ್‌ನ ಎರಡೂ ತುದಿಗೆ ಅಡ್ಡಲಾಗಿ ಒಂದು ತಂತಿ ಕಚ್ಚಿಸಿಡಿ. ಚಿಪ್ ಮಲಗಿದ ಮೇಲೆ ತಂತಿ ತೆಗೆದು ಓದಿ, ಏಳುವ ಮೊದಲು ಮತ್ತೆ ಕಚ್ಚಿಸಿ.

ಇನ್ನು ಹೊಸ ಲೆಕ್ಕ. ಗಂಟೆಗೊಮ್ಮೆ ಎದ್ದರೆ ಕೆಲಸಕ್ಕೆ 0.12, ನಿದ್ದೆಗೆ 0.03. ಇಷ್ಟೇ ಆದರೆ ಹದಿನೆಂಟು ತಿಂಗಳು ಅಂತ ಬರುತ್ತೆ, ತುಂಬಾ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಬ್ಯಾಟರಿ ಸುಮ್ಮನೆ ಇಟ್ಟರೂ ತಾನೇ ಸವೆಯುತ್ತೆ. ತಿಂಗಳಿಗೆ ಶೇಕಡಾ 2 ಅಂತ ಹಿಡಿದರೆ 52 ಮಿಲಿಆಂಪ್ ಅವರ್, ಅಂದರೆ ಸದಾ ಹರಿಯುವ 0.07 ಮಿಲಿಆಂಪ್‌ಗೆ ಸಮ. ನಿದ್ದೆಯ ಖರ್ಚಿನ ಎರಡು ಪಟ್ಟು! ಅದೂ ಸೇರಿದರೆ ಒಟ್ಟು 0.22, ಬ್ಯಾಟರಿ 375 ದಿನ. ಜಾತ್ರೆಗೆ ಹತ್ತು ದಿನ ಮಾತ್ರ ಮಿಗುತ್ತೆ. ಬೇಸಿಗೆಯಲ್ಲಿ ಬಿಸಿಲಿಗೆ ಕಾದ ಪೆಟ್ಟಿಗೆಯೊಳಗೆ ಸವೆತ ಇನ್ನೂ ಜಾಸ್ತಿ, ಆ ಹತ್ತು ದಿನವನ್ನು ನಂಬೋಕಾಗಲ್ಲ.

ಈಗ ನೋಡಿ, ಟೈಮರ್ ತಿರುಗಿಸಿದ್ದಕ್ಕೆ ಬೆಲೆ ಬರೋದು. ಎಷ್ಟು ಹೊತ್ತಿಗೊಮ್ಮೆ ಬೇಕು ಅಂತ ಅಪ್ಪನನ್ನೇ ಕೇಳಿದೆ. "ಮಣ್ಣೇನು ಗಂಟೆಗೊಂದ್ಸಲ ಒಣಗ್ತದಾ? ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ಗೊತ್ತಾದ್ರೆ ಸಾಕು ಕಣವ್ವಾ" ಅಂದರು. ನಾನು ನಾಲ್ಕು ಗಂಟೆ ಇಟ್ಟೆ. ಒಂದೆರಡು ಸಂದೇಶ ತಪ್ಪಿದರೂ ದಿನಕ್ಕೆ ಎರಡಾದರೂ ಸಿಗಲಿ ಅಂತ. ಕೆಲಸದ ಸರಾಸರಿ 0.03ಕ್ಕೆ ಇಳಿದು ಒಟ್ಟು 0.13 ಆಯಿತು, ಬ್ಯಾಟರಿ ಇಪ್ಪತ್ತೊಂದು ತಿಂಗಳು. ಲೆಕ್ಕದಲ್ಲಿ ಅರ್ಧ ತಪ್ಪಿದರೂ ವರ್ಷದ ಹತ್ತಿರ ಬರುತ್ತೆ.

ಆ ನಾಲ್ಕು ಗಂಟೆಯನ್ನು ಮೈಕ್ರೋಸೆಕೆಂಡ್‌ನಲ್ಲಿ ಕೊಡಬೇಕು:

```
esp_sleep_enable_timer_wakeup(4ULL * 3600ULL * 1000000ULL);
esp_deep_sleep_start();
```

ಆ `ULL` ಅಲಂಕಾರಕ್ಕಲ್ಲ. ಅದಿಲ್ಲದಿದ್ದರೆ ಇಷ್ಟು ದೊಡ್ಡ ಸಂಖ್ಯೆ 32 ಬಿಟ್‌ನಲ್ಲಿ ಹಿಡಿಯದೆ ಸುತ್ತು ಹೊಡೆದು, ನಾಲ್ಕು ಗಂಟೆ ಹೋಗಿ ಸುಮಾರು 25 ನಿಮಿಷ ಆಗಿಬಿಡುತ್ತೆ. ಪೆಟ್ಟಿಗೆ ಚೆನ್ನಾಗಿಯೇ ಕೆಲಸ ಮಾಡ್ತಿರುತ್ತೆ, ಯಾರಿಗೂ ಅನುಮಾನ ಬರಲ್ಲ. ಸಂದೇಶಗಳು ಬಂದ ಹೊತ್ತು ನೋಡಿದರೆ ಮಾತ್ರ ಗೊತ್ತಾಗುತ್ತೆ.

ಇಷ್ಟಾದರೂ ನಮ್ಮೂರಲ್ಲಿ ಈ ಲೆಕ್ಕವನ್ನು ಬುಡಮೇಲು ಮಾಡುವ ಒಂದು ಸಂಗತಿ ಇದೆ: ಕರೆಂಟ್ ಹೋಗೋದು. ಕರೆಂಟ್ ಹೋದರೆ ರೂಟರ್ ಆಫ್. ಪೆಟ್ಟಿಗೆ ಏಳುತ್ತೆ, ವೈಫೈ ಹುಡುಕುತ್ತೆ, ಸಿಗಲ್ಲ, ಮತ್ತೆ ಹುಡುಕುತ್ತೆ. ಸಿಗುವ ತನಕ ಕಾಯುವ ಹಾಗೆ ಬರೆದಿರುವ ಉದಾಹರಣೆ ಕೋಡ್‌ಗಳೇ ಎಲ್ಲೆಲ್ಲೂ ಸಿಗೋದು. 110 ಮಿಲಿಆಂಪ್‌ನಲ್ಲಿ ಹೀಗೆ ಕಾದರೆ ಮೊದಲು ಹೇಳಿದ ಆ 18 ಗಂಟೆಯ ಲೆಕ್ಕಕ್ಕೇ ವಾಪಸ್. ಮಳೆಗಾಲದಲ್ಲಿ ಒಂದು ಕಂಬ ಬಿದ್ದರೆ ಸಾಕು, ಇಪ್ಪತ್ತೊಂದು ತಿಂಗಳ ಬ್ಯಾಟರಿ ಒಂದೇ ದಿನಕ್ಕೆ ಮುಗಿಯುತ್ತೆ. ಆದ್ದರಿಂದ ಕಾಯೋದಕ್ಕೊಂದು ಮಿತಿ ಬೇಕು:

```
unsigned long t0 = millis();
while (WiFi.status() != WL_CONNECTED && millis() - t0 < 8000) delay(50);
```

ಎಂಟು ಸೆಕೆಂಡ್ ನೋಡುತ್ತೆ, ಸಿಗದಿದ್ದರೆ ಮಲಗುತ್ತೆ. ಆಗ ಅಳೆದ ಅಂಕಿ ಕಳೆದುಹೋಗಬಾರದಲ್ಲ. ಡೀಪ್ ಸ್ಲೀಪ್‌ನಲ್ಲೂ ಉಳಿಯುವ ಒಂದು ಚಿಕ್ಕ ಮೆಮೊರಿ ಚಿಪ್‌ನಲ್ಲಿದೆ. ವೇರಿಯಬಲ್ ಮುಂದೆ `RTC_DATA_ATTR` ಅಂತ ಬರೆದರೆ ಅದು ಅಲ್ಲಿಗೆ ಹೋಗುತ್ತೆ. ಅಲ್ಲಿ ಸಾಲಾಗಿ ಇಟ್ಟುಕೊಂಡು, ರೂಟರ್ ಸಿಕ್ಕಾಗ ಎಲ್ಲವನ್ನೂ ಒಟ್ಟಿಗೆ ಕಳಿಸುತ್ತೆ. ಜೊತೆಗೆ ಹೋದ ಸಲ ಎಷ್ಟು ಸೆಕೆಂಡ್ ಎದ್ದಿತ್ತು, ಬ್ಯಾಟರಿ ವೋಲ್ಟೇಜ್ ಎಷ್ಟು ಅಂತಲೂ ಹೇಳುತ್ತೆ. ಎದ್ದಿರುವ ಹೊತ್ತು ನಾಲ್ಕರಿಂದ ಆರಕ್ಕೆ, ಏಳಕ್ಕೆ ಏರುತ್ತಾ ಹೋದರೆ ಸಿಗ್ನಲ್ ಕ್ಷೀಣಿಸುತ್ತಿದೆ ಅಂತ ಅರ್ಥ. ನೆಲಕ್ಕೆ ಹತ್ತಿರ ಇದ್ದರೆ, ಸುತ್ತ ಹುಲ್ಲು ಬೆಳೆದರೆ ಹಾಗಾಗುತ್ತೆ. ಅದಕ್ಕೆ ಪೆಟ್ಟಿಗೆಯನ್ನು ಎದೆಮಟ್ಟದ ಗೂಟಕ್ಕೆ ಕಟ್ಟಿ, ಸೆನ್ಸರ್ ತಂತಿ ಮಾತ್ರ ಕೆಳಗೆ ಬಿಟ್ಟಿದ್ದೇನೆ.

ವೋಲ್ಟೇಜ್ ನೋಡಿ "ಇನ್ನು ಅರ್ಧ ಇದೆ" ಅಂತ ಹೇಳೋದು ಮಾತ್ರ ಕಷ್ಟ. ಲಿಥಿಯಂ ಬ್ಯಾಟರಿ 4.2ರಿಂದ ಶುರುವಾಗಿ, 3.7ರ ಆಸುಪಾಸಿನಲ್ಲಿ ತುಂಬಾ ದಿನ ನಿಂತು, ಕೊನೆಯಲ್ಲಿ ಥಟ್ಟನೆ ಜಾರುತ್ತೆ. ಅದಕ್ಕೆ 3.5ಕ್ಕಿಂತ ಕೆಳಗಿಳಿದರೆ ಪೆಟ್ಟಿಗೆ ದಿನಕ್ಕೊಮ್ಮೆ ಮಾತ್ರ ಏಳುವ ಹಾಗೆ ಬರೆದಿದ್ದೇನೆ, ಅಪ್ಪನ ಮೊಬೈಲ್‌ಗೆ "ಸೆಲ್ ಬದಲಿಸಿ" ಅಂತ ಬರುತ್ತೆ. ಹನ್ನೆರಡು ಗಂಟೆಯಿಂದ ಸುದ್ದಿಯೇ ಇಲ್ಲದಿದ್ದರೆ ಅಂಕಿ ಅಳಿಸಿಹೋಗಿ ಅಲ್ಲೊಂದು ಅಡ್ಡಗೆರೆ ಬರುತ್ತೆ. ಹಳೇ ಅಂಕಿ ನಂಬಿ ಕೂರುವ ಹಾಗಿಲ್ಲ.

ಪೆಟ್ಟಿಗೆ ಕಟ್ಟಿ ಐದು ತಿಂಗಳಾಯಿತು. ಮೊನ್ನೆ ಬಂದ ಸಂದೇಶದಲ್ಲಿ 4.02 ವೋಲ್ಟ್, ಎದ್ದಿದ್ದು 4 ಸೆಕೆಂಡ್. ನಡುವೆ ಎರಡು ದಿನ ಕರೆಂಟ್ ಇಲ್ಲದೆ ಅಡ್ಡಗೆರೆ ಬಂದಿತ್ತು, ಅಪ್ಪ ಕೋಲು ಹಿಡಿದು ಪಾತಿ ನೋಡಿ ಬಂದರಂತೆ. ಮೂರನೇ ದಿನ ರೂಟರ್ ಆನ್ ಆದ ಮೇಲೆ ಹನ್ನೆರಡು ಅಂಕಿ ಸಾಲಾಗಿ ಬಂದವು. ಈಗ ಅವರಿಗೆ ಬೋರ್ ಹತ್ತಿರದ ಹಳೇ ಮರಗಳಿಗೂ ಒಂದು ಬೇಕಂತೆ. ಅಲ್ಲಿಗೆ ವೈಫೈ ಸಿಗಲ್ಲ, ಬೇರೆ ರೇಡಿಯೋ ಹಾಕಬೇಕು. ಆ ರೇಡಿಯೋ ಕಳಿಸುವಾಗ ಎಷ್ಟು ಎಳೆಯುತ್ತೆ, ಎಷ್ಟು ಹೊತ್ತು ಎಳೆಯುತ್ತೆ ಅಂತ ಈ ಶನಿವಾರ ಮೀಟರ್ ಹಿಡಿದು ಕೂರಬೇಕು.