ಎರಡು ಕೊಕ್ಕೆ

ನಮ್ಮದು ಗಾದಿ ಅಂಗಡಿ. ಹಳೇ ಹಾಸಿಗೆ ಬಿಚ್ಚಿ, ಅರಳೆ ಹಿಂಜಿಸಿ, ಹೊಸ ಬಟ್ಟೆಗೆ ತುಂಬಿ ಹೊಲಿದುಕೊಡುವುದು ಅಬ್ಬಾನ ಕೆಲಸ. ನಾನು ಪಿಯುಸಿಗೆ ಕಾಮರ್ಸ್ ತೆಗೆದುಕೊಂಡ ಮೇಲೆ ಅಂಗಡಿಯ ಫೋನು ನನ್ನ ಕೈಗೆ ಬಂತು. "ನೀನು ಲೆಕ್ಕ ಓದ್ತಾ ಇದ್ದೀಯಲ್ಲ, ಇನ್ನು ಉದ್ರಿ ನೀನೇ ನೋಡ್ಕೋ" ಎಂದರು ಅಬ್ಬಾ. ಅವರು ಹೇಳಿದ್ದು ಉರ್ದುವಿನಲ್ಲಿ, ನಾನಿಲ್ಲಿ ಕನ್ನಡ ಮಾಡಿದ್ದೇನೆ. ಉದ್ರಿ ಅನ್ನುವ ಮಾತಿಗೆ ಮಾತ್ರ ನಮ್ಮ ಮನೆಯಲ್ಲಿ ಬೇರೆ ಭಾಷೆ ಇಲ್ಲ.

ಅಬ್ಬಾನ ಖಾತೆ ಪುಸ್ತಕ ಉದ್ದನೆಯದು, ಕೆಂಪು ಬಟ್ಟೆಯ ರಟ್ಟಿನದು. ನಾನು ಅದನ್ನೆಲ್ಲ ಒಂದು ವಾರ ಕೂತು ಫೋನಿಗೆ ಇಳಿಸಿದೆ. ಯಾರು ಎಷ್ಟು ಕೊಡಬೇಕು, ಎಷ್ಟು ದಿನವಾಯಿತು ಎಂದು ಪಟ್ಟಿ ಮಾಡಿದೆ. ಕ್ಲಾಸಿನಲ್ಲಿ ಆಗಷ್ಟೇ ಸಂಶಯಾಸ್ಪದ ಸಾಲದ ಪಾಠ ಆಗಿತ್ತು. ಬರುತ್ತದೋ ಇಲ್ಲವೋ ಗೊತ್ತಿಲ್ಲದ ಬಾಕಿಗೆ ಮೊದಲೇ ಒಂದಿಷ್ಟು ತೆಗೆದಿಡುವ ಲೆಕ್ಕ ಅದು. ಪಟ್ಟಿಯಲ್ಲಿ ಅಂಥವರ ಹೆಸರಿನ ಮುಂದೆ ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಬಹಳ ಚೆನ್ನಾಗಿ ಕಾಣುತ್ತಿತ್ತು.

ಮೇಷ್ಟ್ರ ಹೆಸರು ಆಗ ಆ ಪಟ್ಟಿಯಲ್ಲಿ ಇರಲಿಲ್ಲ. ಅವರು ರಿಟೈರ್ ಆಗಿ ಎಷ್ಟೋ ವರ್ಷವಾಗಿದೆ, ಊರಲ್ಲಿ ಈಗಲೂ ಎಲ್ಲರಿಗೂ ಮೇಷ್ಟ್ರೇ. ಅಬ್ಬಾ ಏಳನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಶಾಲೆಯಲ್ಲಿ, ಅವರ ಕೈಕೆಳಗೆ. ಮಗಳ ಮದುವೆಗೆಂದು ಎರಡು ಹಾಸಿಗೆ, ನಾಲ್ಕು ದಿಂಬು ಹೇಳಿದ್ದರು. ಒಟ್ಟು 14,200 ರೂಪಾಯಿ. ಮುಂಗಡ 6,000 ಕೊಟ್ಟಿದ್ದರು. ಜೂನ್ 4ರಂದು ಆಟೋದಲ್ಲಿ ಹಾಕಿ ಮನೆಗೆ ಮುಟ್ಟಿಸಿ ಬಂದೆವು. ಬಾಕಿ 8,200. ಆರು ದಿನ ಬಿಟ್ಟು ನಾನು ಬಿಲ್ಲಿನ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿ, ಕೆಳಗೆ ಬರೆದೆ: "ಸರ್, ಬಾಕಿ 8,200 ಯಾವಾಗ ಕೊಡ್ತೀರಾ?" ಮಾರನೇ ದಿನ ಎರಡು ಗೆರೆ ನೀಲಿಯಾದವು. ಉತ್ತರ ಬರಲಿಲ್ಲ.

ಆ ನೀಲಿ ಗೆರೆಗಳ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ನನ್ನ ತಪ್ಪೆಲ್ಲ ಅಲ್ಲಿಂದಲೇ ಶುರುವಾಗಿದ್ದು. ಒಂದು ಬೂದು ಗೆರೆ ಬಂದರೆ ಸಂದೇಶ ನಮ್ಮ ಫೋನಿನಿಂದ ಹೋಗಿದೆ, ಎರಡು ಬಂದರೆ ಅವರ ಫೋನಿಗೆ ಮುಟ್ಟಿದೆ, ನೀಲಿಯಾದರೆ ಅಲ್ಲಿ ಅದನ್ನು ತೆರೆಯಲಾಗಿದೆ. ಅಷ್ಟೇ. ಸೆಟ್ಟಿಂಗ್‌ನಲ್ಲಿ ಅದನ್ನು ಆಫ್ ಮಾಡಿಕೊಂಡವರು ಓದಿದರೂ ನಮಗೆ ನೀಲಿ ಕಾಣುವುದಿಲ್ಲ. ಮೇಲಿಂದ ಇಳಿಯುವ ನೋಟಿಫಿಕೇಶನ್‌ನಲ್ಲೇ ಓದಿಕೊಂಡರೂ ಬೂದಿಯಾಗಿಯೇ ಉಳಿಯುತ್ತದೆ. ಹಾಗೆಯೇ, ನೀಲಿಯಾಗಿದೆ ಅಂದರೆ ಯಾರೋ ತೆರೆದರು ಅನ್ನುವುದಷ್ಟೇ ಗೊತ್ತಾಗುತ್ತದೆ. ತೆರೆದ ಬೆರಳು ಯಾರದು ಎಂದು ಅದು ಹೇಳುವುದಿಲ್ಲ. ಇದೆಲ್ಲ ನನಗೆ ಆಗಲೂ ಗೊತ್ತಿತ್ತು. ಆದರೂ ಬಣ್ಣ ನೋಡಿದ ಕೂಡಲೇ ನನ್ನ ತಲೆಯೊಳಗೆ ಒಂದು ಚಿತ್ರ ಕೂತುಬಿಟ್ಟಿತು: ಮೇಷ್ಟ್ರು ಕನ್ನಡಕ ಹಾಕಿಕೊಂಡು ಬಿಲ್ಲು ಓದಿದರು, ಫೋನು ಪಕ್ಕಕ್ಕಿಟ್ಟರು, ಕೊಡುವ ಮನಸ್ಸಿಲ್ಲ.

ಹತ್ತೊಂಬತ್ತು ದಿನ ಕಾದೆ. ಜೂನ್ 29ರ ರಾತ್ರಿ ಅವರ ಚಾಟ್ ತೆರೆದು ಒಂದು "?" ಒತ್ತಿ ಕಳಿಸಿದೆ. ಎರಡು ದಿನ ಬಿಟ್ಟು "??" ಕಳಿಸಿದೆ. ಪಟ್ಟಿಯಲ್ಲೂ ಅವರ ಹೆಸರು ಸೇರಿಸಿ, ಮುಂದೆ ಚಿಹ್ನೆ ಹಾಕಿದೆ.

ಯಾಕೆ ಪೂರ್ತಿ ವಾಕ್ಯ ಬರೆಯಲಿಲ್ಲ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಸೋಮಾರಿತನ ಅಂತ ಹೇಳಿದರೆ ಸುಳ್ಳಾಗುತ್ತದೆ. ವಾಕ್ಯ ಬರೆಯಬೇಕಾದರೆ ಒಂದು ದನಿ ಆರಿಸಿಕೊಳ್ಳಬೇಕು. "ಸರ್, ನೆನಪಿಸಿದೆ ಅಷ್ಟೇ" ಎಂದರೆ ನಾನು ಮೆತ್ತಗಾಗುತ್ತೇನೆ, "ಇಷ್ಟು ದಿನ ಆಯ್ತಲ್ಲ" ಎಂದರೆ ಒರಟಾಗುತ್ತೇನೆ. ಚಿಹ್ನೆ ಹಾಕಿದರೆ ಎರಡೂ ಇಲ್ಲ. ಕೋಪ ಮಾಡಿಕೊಂಡೂ ಇರಬಹುದು, ಯಾರಾದರೂ ಕೇಳಿದರೆ "ನಾನೇನೂ ಅನ್ನಲಿಲ್ಲವಲ್ಲ" ಎಂದು ಜಾರಿಕೊಳ್ಳಲೂಬಹುದು. ಎರಡನೆಯ ಚಿಹ್ನೆ ಸೇರಿಸಿದಾಗ ಪ್ರಶ್ನೆ ಎರಡಾಗಲಿಲ್ಲ, ಕೇಳುವ ಗಂಟಲು ದೊಡ್ಡದಾಯಿತು, ಅಷ್ಟೇ.

ಇನ್ನೊಂದು ವಿಷಯ ಆಮೇಲೆ ನನ್ನ ತಂಗಿಯ ಫೋನಿನಲ್ಲಿ ಪರೀಕ್ಷೆ ಮಾಡಿ ತಿಳಿದುಕೊಂಡೆ. ನನಗೆ ನನ್ನ ಚಿಹ್ನೆ ಕಾಣುವುದು ನನ್ನ ಹಳೆಯ ಪ್ರಶ್ನೆಯ ಕೆಳಗೆ, ಬಿಲ್ಲಿನ ಫೋಟೋದ ಕೆಳಗೆ. ಅವರಿಗೆ ಕಾಣುವುದು ಬೀಗ ಹಾಕಿದ ಸ್ಕ್ರೀನಿನ ಮೇಲೆ, ಅಂಗಡಿಯ ಹೆಸರು ಮತ್ತು "??" ಮಾತ್ರ. ಯಾವ ಪ್ರಶ್ನೆ ಎಂದು ತಿಳಿಯಬೇಕಾದರೆ ಅವರೇ ಒಳಗೆ ಹೋಗಿ ಮೇಲಕ್ಕೆ ತಳ್ಳಿ ಹುಡುಕಬೇಕು. ಫೋನು ತುಂಬಿತೆಂದು ಚಾಟ್ ಅಳಿಸಿದವರಾದರೆ ಅದೂ ಇಲ್ಲ. ಹಳೆಯ ಸಂದೇಶವನ್ನು ಬಲಕ್ಕೆ ಎಳೆದು ಅದಕ್ಕೇ ಉತ್ತರ ಬರೆದಂತೆ ಬರೆದರೆ ಕೇಳಿದ ಮಾತೂ ಜೊತೆಗೆ ಹೋಗುತ್ತದೆ. ಅದಕ್ಕೆ ಹಿಡಿಯುವುದು ಎರಡು ಸೆಕೆಂಡು. ನಾನು ಆ ಎರಡು ಸೆಕೆಂಡನ್ನೂ ಕೊಟ್ಟಿರಲಿಲ್ಲ.

ಜುಲೈ 2ರ ಬೆಳಿಗ್ಗೆ ಮೇಷ್ಟ್ರ ಮಗ ಅಂಗಡಿಗೆ ಬಂದರು. ಅಬ್ಬಾ ಎದ್ದು ಸ್ಟೂಲು ಸರಿಸಿದರು. ಅವರು ಕೂರಲಿಲ್ಲ. ಐನೂರರ ಹದಿನಾರು ನೋಟು, ನೂರರ ಎರಡು ನೋಟು ಎಣಿಸಿ ಗಲ್ಲಾದ ಮೇಲಿಟ್ಟರು. "ಅಪ್ಪಾಜಿ ಆಸ್ಪತ್ರೆಯಲ್ಲಿದ್ದಾರೆ, ಮೂರು ವಾರ ಆಯ್ತು. ಅವರ ಫೋನು ನನ್ನ ಹತ್ರ ಇದೆ. ನೆಂಟರು ಫೋನ್ ಮಾಡ್ತಾನೇ ಇರ್ತಾರೆ, ನಿಮ್ಮ ಬಿಲ್ಲು ನೋಡಿದ್ದೆ, ಮರೆತೆ. ನಿನ್ನೆ ಅದು ಬಂದಾಗ ಫೋನು ಅವರ ಕೈಲಿತ್ತು," ಎಂದರು. ನಿಂತೇ ಇದ್ದರು. ಆಮೇಲೆ, "ಸಾಬ್ರು ಹೀಗೆ ಕೇಳ್ತಾರೆ ಅಂತ ಅಪ್ಪಾಜಿಗೆ ಅನ್ನಿಸಿರಲಿಲ್ಲ," ಎಂದು ಹೇಳಿ ಹೊರಟರು.

ಅಬ್ಬಾ ನನ್ನ ಕಡೆ ತಿರುಗಿ ಕೇಳಿದ್ದು ಇಷ್ಟೇ: "ಉನೋಕು ತೂ ಕ್ಯಾ ಭೇಜ್ಯಾ?" ಅವರಿಗೆ ನೀನು ಏನು ಕಳಿಸಿದೆ? ನಾನು ಫೋನು ತೋರಿಸಿದೆ. ಅಬ್ಬಾ ಬಹಳ ಹೊತ್ತು ನೋಡಿದರು. ಓದಲು ಏನಾದರೂ ಇದ್ದಿದ್ದರೆ ಅಷ್ಟು ಹೊತ್ತು ಬೇಕಾಗುತ್ತಿರಲಿಲ್ಲ.

ಅಬ್ಬಾ ಬಾಕಿ ಕೇಳುವ ಕ್ರಮ ನನಗೆ ಗೊತ್ತಿಲ್ಲದ್ದೇನಲ್ಲ. ಅವರು ಬಾಕಿ ಇರುವವರ ಬೀದಿಯಲ್ಲಿ ಏನಾದರೂ ಕೆಲಸ ಹುಡುಕಿಕೊಂಡು ಹೋಗುತ್ತಾರೆ. ಹಾಸಿಗೆ ಚೆನ್ನಾಗಿದೆಯಾ, ಅರಳೆ ಒಂದು ಕಡೆ ಗಂಟು ಕಟ್ಟಿಲ್ಲ ತಾನೆ ಎಂದು ಕೇಳುತ್ತಾರೆ. ಮನೆಯವರ ಆರೋಗ್ಯ ಕೇಳುತ್ತಾರೆ. ದುಡ್ಡಿನ ಮಾತು ಅವರು ಎತ್ತುವುದಿಲ್ಲ, ಎದುರಿನವರೇ ಎತ್ತುತ್ತಾರೆ. ಇದರಲ್ಲಿ ನಷ್ಟ ಇಲ್ಲ ಎಂದು ನಾನು ಹೇಳಲಾರೆ. ಕೆಂಪು ಖಾತೆಯಲ್ಲಿ ಎರಡು ಮೂರು ವರ್ಷದಿಂದ ಹಾಗೇ ಇರುವ ಹೆಸರುಗಳಿವೆ. ನಾನು ಕಳಿಸಿದ ಚಿಹ್ನೆಗಳಿಂದ ಬೇರೆ ಮೂವರು ಅದೇ ವಾರ ದುಡ್ಡು ಕೊಟ್ಟರು ಎಂಬುದೂ ನಿಜ. ಆದರೆ ಮೇಷ್ಟ್ರ ಮನೆಗೆ ಅಬ್ಬಾ ಒಂದು ಸಲ ಹೀಗೆ ಹೋಗಿ ಬಂದಿದ್ದರೆ ಆಸ್ಪತ್ರೆಯ ವಿಷಯ ಮೊದಲ ವಾರದಲ್ಲೇ ತಿಳಿಯುತ್ತಿತ್ತು. ಫೋನು ನನಗೆ ಕೊಟ್ಟ ಮೇಲೆ ಅವರು ಹೋಗುವುದನ್ನು ನಿಲ್ಲಿಸಿದ್ದರು.

ಅಣ್ಣ ಬಿಕಾಂ ಓದುತ್ತಾನೆ. ಅವನ ಕಾನೂನು ಪುಸ್ತಕದಲ್ಲಿ 1862ರ ಒಂದು ಇಂಗ್ಲೆಂಡಿನ ಮೊಕದ್ದಮೆ ಇದೆ, ಫೆಲ್ಟ್‌ಹೌಸ್ ಮತ್ತು ಬಿಂಡ್ಲೆ ಅಂತ. ಫೆಲ್ಟ್‌ಹೌಸ್ ತನ್ನ ಅಣ್ಣನ ಮಗನ ಕುದುರೆ ಕೊಳ್ಳಲು 30 ಪೌಂಡ್ 15 ಶಿಲ್ಲಿಂಗ್ ಬೆಲೆ ಹೇಳಿ, ನಿನ್ನಿಂದ ಬೇರೆ ಮಾತು ಬಾರದಿದ್ದರೆ ಕುದುರೆ ನನ್ನದು ಎಂದುಕೊಳ್ಳುತ್ತೇನೆ ಎಂದು ಕಾಗದ ಬರೆದ. ಹುಡುಗ ಉತ್ತರ ಬರೆಯಲಿಲ್ಲ. ಹರಾಜಿನ ಬಿಂಡ್ಲೆ ಕೈತಪ್ಪಿ ಆ ಕುದುರೆಯನ್ನು ಬೇರೆಯವರಿಗೆ ಮಾರಿಬಿಟ್ಟ. ಫೆಲ್ಟ್‌ಹೌಸ್ ದಾವೆ ಹೂಡಿ ಸೋತ. ಸುಮ್ಮನಿದ್ದದ್ದನ್ನು ಒಪ್ಪಿಗೆ ಎಂದು ಹಿಡಿಯಲಾಗದು ಎಂದಿತು ಕೋರ್ಟು. ಕುತೂಹಲದ ಸಂಗತಿ ಎಂದರೆ ಹುಡುಗನಿಗೆ ಕುದುರೆ ಕೊಡುವ ಮನಸ್ಸೇ ಇತ್ತು, ಅದನ್ನು ಮಾರಬೇಡ ಎಂದು ಬಿಂಡ್ಲೆಗೆ ಹೇಳಿಯೂ ಇದ್ದ. ಚಿಕ್ಕಪ್ಪನಿಗೆ ಮಾತ್ರ ಹೇಳಿರಲಿಲ್ಲ. ಇದನ್ನು ಓದುವಾಗ ಅಣ್ಣ ಜೋರಾಗಿ ನಕ್ಕಿದ್ದ. ನಾನು ಮೇಷ್ಟ್ರ ಮೌನವನ್ನು ಒಪ್ಪಿಗೆ ಎಂದು ಓದಲಿಲ್ಲ, ನಿರಾಕರಣೆ ಎಂದು ಓದಿದೆ.

ಅವತ್ತೇ ಸಂಜೆ ಅಬ್ಬಾ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ದಾರಿಯಲ್ಲಿ ಒಂದು ಮಾತೂ ಆಡಲಿಲ್ಲ. ಕೈಯಲ್ಲಿ ಹೊಸದಾಗಿ ತುಂಬಿದ ಒಂದು ತೆಳು ದಿಂಬು ಇತ್ತು. ಮೇಷ್ಟ್ರು ಸೊರಗಿದ್ದರು. ಅಬ್ಬಾ ಅವರ ಕಾಲಿನ ಬಳಿ ನಿಂತು "ಹುಡುಗ, ಗೊತ್ತಾಗಲಿಲ್ಲ ಸಾರ್" ಎಂದರು. ಐವತ್ತು ದಾಟಿದ ಅಬ್ಬಾ ನನಗಾಗಿ ತಲೆ ತಗ್ಗಿಸಿದ್ದನ್ನು ನೋಡಿ ನಾನು ಡ್ರಿಪ್ಪಿನ ಬಾಟಲಿಯ ಕಡೆ ನೋಡುತ್ತಾ ನಿಂತೆ.

ಮೇಷ್ಟ್ರು ನನ್ನನ್ನು ಹತ್ತಿರ ಕರೆದರು. "ಏನಪ್ಪಾ, ಅದು ಎರಡು ಕೊಕ್ಕೆ?" ಎಂದರು. "ಕನ್ನಡದಲ್ಲಿ ಮೊದಲು ಆ ಚಿಹ್ನೆಯೇ ಇರಲಿಲ್ಲ, ಗೊತ್ತಾ? ಅಚ್ಚಿನ ಪುಸ್ತಕದ ಜೊತೆ ಇಂಗ್ಲಿಷಿನಿಂದ ಬಂತು. ನಮ್ಮಲ್ಲಿ ಪ್ರಶ್ನೆ ಮಾತಿನ ತುದಿಯಲ್ಲೇ ಇರುತ್ತೆ. ಕೊಡ್ತೀರಾ, ಬಂದನೇ, ಇದೆಯೋ. ಚಿಹ್ನೆ ತೆಗೆದುಹಾಕು, ಪ್ರಶ್ನೆ ಹೋಗಲ್ಲ. ನೀನು ಮಾತು ತೆಗೆದುಹಾಕಿ ಚಿಹ್ನೆ ಇಟ್ಕೊಂಡಿದ್ದೀಯ." ಆಮೇಲೆ ನಮ್ಮ ಉರ್ದುವಿನಲ್ಲಿ ಅದು ಹೇಗಿರುತ್ತದೆ ಎಂದು ಕೇಳಿದರು. ಬಲದಿಂದ ಎಡಕ್ಕೆ ಬರೆಯುವುದರಿಂದ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ ಎಂದು ಹಾಸಿಗೆಯ ಮೇಲೆ ಬೆರಳಲ್ಲಿ ಬರೆದು ತೋರಿಸಿದೆ. ಅವರಿಗೆ ಅದು ಗೊತ್ತಿರಲಿಲ್ಲ, ಖುಷಿಯಾಯಿತು.

"ಇವರ ಕಾಪಿ ಬುಕ್ಕಲ್ಲೂ ನಾನು ಹಾಕ್ತಿದ್ದೆ," ಎಂದು ಅಬ್ಬಾನ ಕಡೆ ತೋರಿಸಿದರು. "ಏನು ಬರೆದಿದ್ದಾನೆ ತಿಳಿಯದಿದ್ದ ಕಡೆ, ಆ ಸಾಲಿನ ಪಕ್ಕದಲ್ಲೇ, ಕೆಂಪು ಮಸೀಲಿ. ಅದನ್ನ ನೋಡಿ ಇವನು ಮತ್ತೆ ಬರೆದು ತರ್ತಿದ್ದ." ಅಬ್ಬಾ ಆಗ ನಕ್ಕರು. ಮೇಷ್ಟ್ರ ಮಗ ನಗಲಿಲ್ಲ. ಅವರು ಈಗಲೂ ನಮ್ಮ ಅಂಗಡಿಯ ಮುಂದೆ ಹಾದುಹೋಗುವಾಗ ಬೈಕು ನಿಧಾನ ಮಾಡುವುದಿಲ್ಲ, ಮೊದಲು ಮಾಡುತ್ತಿದ್ದರು.

ಆ ರಾತ್ರಿ ಅವರ ಚಾಟಿನಲ್ಲಿ ಎರಡು ಚಿಹ್ನೆಗಳನ್ನೂ ಅಳಿಸಲು ಹೋದೆ. ಕಳಿಸಿ ಎರಡು ದಿನ ಮೀರಿದ್ದಕ್ಕೆ ಮೊದಲನೆಯದನ್ನು ನನ್ನ ಫೋನಿನಿಂದ ಮಾತ್ರ ಅಳಿಸಬಹುದಿತ್ತು. ಇಬ್ಬರ ಫೋನಿನಿಂದಲೂ ಹೋಗುವುದು ಎರಡನೆಯದು ಮಾತ್ರ, ಹೋದರೂ ಅಲ್ಲಿ 'ಅಳಿಸಲಾಗಿದೆ' ಎಂಬ ಸಾಲು ಉಳಿಯುತ್ತದೆ. ಎರಡನ್ನೂ ಹಾಗೇ ಬಿಟ್ಟೆ. ಅವುಗಳ ಕೆಳಗೆ "8,200 ತಲುಪಿದೆ. ಮೇಷ್ಟ್ರು ಈಗ ಹೇಗಿದ್ದಾರೆ?" ಎಂದು ಬರೆದು, ಕೊನೆಯ ಚಿಹ್ನೆಯನ್ನು ಅಳಿಸಿ ಕಳಿಸಿದೆ. ಎರಡು ಗೆರೆ ಬಂದವು. ನೀಲಿಯಾದವೋ ಇಲ್ಲವೋ ನೋಡದೆ ಫೋನನ್ನು ಗಲ್ಲಾದಲ್ಲಿಟ್ಟೆ.