ಬರುವುದಿಲ್ಲ ಎಂಬ ಕಾಗದ

ನೌಕರಿಗೆ ಅರ್ಜಿ ಬರೆಯುವಾಗ ನಮ್ಮ ಜಮಖಂಡಿಯಲ್ಲಿ ಸಲಹೆ ಕೊಡುವವರಿಗೆ ಎಂದೂ ಬರವಿರಲಿಲ್ಲ. ಟೈಪಿಂಗ್ ಇನ್‌ಸ್ಟಿಟ್ಯೂಟಿನವರು ಒಂದು ಮಾತು ಸೇರಿಸುತ್ತಿದ್ದರು, ಮಾಸ್ತರರು ಒಂದು ಮಾತು ಹೊಡೆದುಹಾಕುತ್ತಿದ್ದರು. ಕೆಲಸ ಬೇರೆ ಕಡೆ ಗಟ್ಟಿಯಾದ ಮೇಲೆ ಉಳಿದ ಅರ್ಜಿಗಳನ್ನು ವಾಪಸ್ ಪಡೆಯುವ ಕಾಗದದ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುತ್ತಿರಲಿಲ್ಲ. ಹೆಚ್ಚಿನವರು ಅದನ್ನು ಬರೆಯುತ್ತಲೇ ಇರಲಿಲ್ಲ. ಹೋಗದಿದ್ದರೆ ಅವರಿಗೇ ತಿಳಿಯುತ್ತದೆ ಎಂಬುದು ಅಂದಿನ ಲೆಕ್ಕ. ಇಂದಿನ ಲೆಕ್ಕವೂ ಅದೇ ಇದ್ದಂತಿದೆ.

1986ರಲ್ಲಿ ನಾನು ರಸಾಯನಶಾಸ್ತ್ರದ ಬಿ.ಎಸ್ಸಿ. ಮುಗಿಸಿ ಸಕ್ಕರೆ ಕಾರ್ಖಾನೆಗಳಿಗೆ ಲ್ಯಾಬ್ ಕೆಮಿಸ್ಟ್ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೆ. ಆಗ ಈ ಭಾಗದಲ್ಲಿ ಇಂದಿನಷ್ಟು ಚಿಮಣಿಗಳಿರಲಿಲ್ಲ. ಸಮೀರವಾಡಿ, ಉಗಾರ, ಸಂಕೇಶ್ವರ ಎಂದು ಬೆರಳಲ್ಲಿ ಎಣಿಸಬಹುದಿತ್ತು. ಮುಧೋಳ, ಸಿದ್ದಾಪುರ, ಹಿರೇಪಡಸಲಗಿಯ ಕಾರ್ಖಾನೆಗಳೆಲ್ಲ ಬಂದದ್ದು ಆಮೇಲೆ. ನನ್ನನ್ನು ಎರಡು ಕಾರ್ಖಾನೆಯವರು ಸಂದರ್ಶನಕ್ಕೆ ಕರೆದಿದ್ದರು. ಮೊದಲು ನೇಮಕಾತಿ ಆದೇಶ ಕಳಿಸಿದವರಿಗೆ ಒಪ್ಪಿಗೆ ಬರೆದೆ. ಇನ್ನೊಂದು ಕಡೆ ಸಂದರ್ಶನ ಮುಗಿದಿತ್ತು, ಆದೇಶ ಬಂದಿರಲಿಲ್ಲ. ಅವರಿಗೂ ಬರೆಯಬೇಕು ಎಂದು ಹಿಡಿದು ಕೂರಿಸಿದವರು ನಮ್ಮ ಓಣಿಯ ಕಾಕಾ. ಹೈಸ್ಕೂಲಿನಲ್ಲಿ ಹೆಡ್ ಕ್ಲರ್ಕ್ ಆಗಿ ನಿವೃತ್ತರಾದವರು, ಆವಕ-ಜಾವಕ ರಜಿಸ್ಟರಿನಲ್ಲೇ ಅರ್ಧ ಆಯುಷ್ಯ ಕಳೆದವರು.

"ತಮ್ಮಾ, ಈ ಕಾಗದ ನಿನ್ನ ಸಲುವಾಗಿ ಅಲ್ಲ, ನಿನ್ನ ಹಿಂದ ನಿಂತಾವನ ಸಲುವಾಗಿ. ಪಟ್ಟಿಯೊಳಗ ಅವನ ಹೆಸರು ಎರಡನೇದು ಐತಿ. ನೀ ಸುಮ್ಮನ ಕುಂತರ ಅವನೂ ಸುಮ್ಮನ ಕುಂತಿರ್ತಾನ."

ಕಾಕಾ ಕನ್ನಡದಲ್ಲಿ ಹೇಳಿದ್ದನ್ನು ಬರೆದುಕೊಂಡು ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿದೆ. ಒಕ್ಕಣೆ ಹೆಚ್ಚುಕಡಿಮೆ ಹೀಗಿತ್ತು:

"ಮಾನ್ಯರೆ, ತಮ್ಮ ಕಾರ್ಖಾನೆಯ ಲ್ಯಾಬ್ ಕೆಮಿಸ್ಟ್ ಹುದ್ದೆಗೆ ನಾನು ಅರ್ಜಿ ಸಲ್ಲಿಸಿ, ತಮ್ಮ ಪತ್ರದಂತೆ ಸಂದರ್ಶನಕ್ಕೆ ಹಾಜರಾಗಿದ್ದೆ. ಈಗ ಬೇರೊಂದು ಕಾರ್ಖಾನೆಯಿಂದ ನೇಮಕಾತಿ ಆದೇಶ ಬಂದಿದ್ದು, ಅದನ್ನು ಒಪ್ಪಿಕೊಂಡಿದ್ದೇನೆ. ಆದಕಾರಣ ನನ್ನ ಅರ್ಜಿಯನ್ನು ಹಿಂದಕ್ಕೆ ಪಡೆದಿದ್ದೇನೆ. ನನ್ನ ಹೆಸರನ್ನು ಬಿಟ್ಟು ಮುಂದಿನ ಅಭ್ಯರ್ಥಿಯನ್ನು ಪರಿಗಣಿಸಬೇಕಾಗಿ ವಿನಂತಿ. ಸಂದರ್ಶನದ ದಿನ ಚೀಫ್ ಕೆಮಿಸ್ಟರು ಬಿಡುವು ಮಾಡಿಕೊಂಡು ಬಾಯ್ಲಿಂಗ್ ಹೌಸ್ ತೋರಿಸಿದ್ದಕ್ಕೆ ಋಣಿಯಾಗಿದ್ದೇನೆ. ಒಂದೆರಡು ಹಂಗಾಮಿನ ಅನುಭವವಾದ ಮೇಲೆ ತಮ್ಮಲ್ಲಿ ಮ್ಯಾನ್ಯುಫ್ಯಾಕ್ಚರಿಂಗ್ ಕಡೆ ಜಾಗ ತೆರವಾದರೆ ಪುನಃ ಅರ್ಜಿ ಸಲ್ಲಿಸುವ ಇಚ್ಛೆ ಇದೆ."

ಅಷ್ಟೇ. ಮೇಲೆ ಅವರ ಸಂದರ್ಶನ ಪತ್ರದ ಜಾವಕ ನಂಬರು ಮತ್ತು ತಾರೀಖು, ಕೆಳಗೆ ನನ್ನ ವಿಳಾಸ. ನಂಬರಿಲ್ಲದ ಕಾಗದ ಸರಿಯಾದ ಫೈಲಿಗೆ ಹೋಗಿ ಸೇರುವುದಿಲ್ಲ ಎಂದು ಕಾಕಾ ಅದೊಂದಕ್ಕೆ ಹಟ ಹಿಡಿದರು. ಒಪ್ಪಿಕೊಂಡ ಕಾರ್ಖಾನೆಯ ಹೆಸರು ಬರೆಯಲು ಬಿಡಲಿಲ್ಲ. ಎರಡೂ ಕಾರ್ಖಾನೆ ಒಂದೇ ಸೀಮೆಯ ಕಬ್ಬಿಗೆ ಕೈಚಾಚುವಂಥವು, ಹೆಸರು ಹೇಳಿದರೆ ಹೋಲಿಕೆ ಶುರುವಾಗುತ್ತದೆ. ಪಗಾರದ ಮಾತು ಬೇಡವೇ ಬೇಡ ಎಂದರು. ಕ್ಷಮೆ ಕೇಳುವ ಸಾಲನ್ನು ನಾನೇ ಸೇರಿಸಿದ್ದೆ, ಅದನ್ನೂ ಹೊಡೆದುಹಾಕಿದರು. ಆದೇಶ ಕೊಡುವುದಕ್ಕೆ ಮೊದಲೇ ತಿಳಿಸುವವನು ತಪ್ಪೇನು ಮಾಡಿದ್ದಾನೆ ಎಂಬುದು ಅವರ ವಾದ.

ಆ ಕಾಗದ 'ಅಂಡರ್ ಸರ್ಟಿಫಿಕೇಟ್ ಆಫ್ ಪೋಸ್ಟಿಂಗ್' ಹೋಯಿತು. ರಜಿಸ್ಟರಿಗಿಂತ ಬಹಳ ಅಗ್ಗದ ವ್ಯವಸ್ಥೆ ಅದು. ವಿಳಾಸ ಬರೆದ ಒಂದು ಚೀಟಿಗೆ ಅಂಚೆಯವರು ಠಸ್ಸೆ ಹೊಡೆದು ಕೊಡುತ್ತಿದ್ದರು. ಕಾಗದ ಹಾಕಿದ್ದಕ್ಕೆ ಸಾಕ್ಷಿ ಸಿಗುತ್ತಿತ್ತು, ಮುಟ್ಟಿದ್ದಕ್ಕೆ ಸಿಗುತ್ತಿರಲಿಲ್ಲ. 2011ರಲ್ಲಿ ಅದನ್ನು ನಿಲ್ಲಿಸಿದರು.

ಈ ಕಾಗದಕ್ಕೆ ಕಾರ್ಖಾನೆಯೊಳಗೆ ಎಷ್ಟು ಕಿಮ್ಮತ್ತು ಎಂದು ನನಗೆ ತಿಳಿದದ್ದು, ವರ್ಷಗಳ ನಂತರ ನಾನೇ ಅಂಥವನ್ನು ತೆರೆದು ಓದುವ ಕುರ್ಚಿಗೆ ಬಂದಾಗ. ನಮ್ಮ ಕಡೆ ಅಕ್ಟೋಬರ್-ನವೆಂಬರಿನಲ್ಲಿ ಬಾಯ್ಲರ್ ಪ್ರದೀಪನವಾಗಿ ಹಂಗಾಮು ಶುರುವಾದರೆ ಬೇಸಿಗೆಯವರೆಗೆ ಗಾಲಿ ನಿಲ್ಲುವುದಿಲ್ಲ. ಕಡಿದ ಕಬ್ಬು ಗಾಡಿಯಲ್ಲಿ ನಿಂತಷ್ಟು ಹೊತ್ತೂ ಸಕ್ಕರೆ ಕಳೆದುಕೊಳ್ಳುತ್ತದೆ, ಹಾಗಾಗಿ ಜನ ಕಡಿಮೆ ಎಂದು ನುರಿಸುವುದನ್ನು ನಿಲ್ಲಿಸುವಂತಿಲ್ಲ. ಲ್ಯಾಬಿಗೆ ಮೂರು ಪಾಳಿ: ನಸುಕಿನ ನಾಲ್ಕರಿಂದ ಮಧ್ಯಾಹ್ನ ಹನ್ನೆರಡು, ಹನ್ನೆರಡರಿಂದ ರಾತ್ರಿ ಎಂಟು, ಎಂಟರಿಂದ ಮತ್ತೆ ನಸುಕಿನ ನಾಲ್ಕು. ಪ್ರತಿ ಪಾಳಿಯಲ್ಲೂ ಹೊತ್ತುಹೊತ್ತಿಗೆ ರಸದ ಸ್ಯಾಂಪಲ್ ತೆಗೆದು ಬ್ರಿಕ್ಸ್ ನೋಡಬೇಕು, ಪೋಲ್ ನೋಡಬೇಕು, ಹಿಂಡಿದ ಸಿಪ್ಪೆಯಲ್ಲಿ ಎಷ್ಟು ಸಕ್ಕರೆ ಉಳಿದು ಹೋಯಿತೆಂದು ಬರೆದಿಡಬೇಕು. ಒಬ್ಬ ಬರಲಿಲ್ಲವೆಂದರೆ ಉಳಿದಿಬ್ಬರು ದಿನವನ್ನು ಹನ್ನೆರಡು ಹನ್ನೆರಡು ತಾಸು ಹಂಚಿಕೊಳ್ಳುತ್ತಾರೆ. ಎಂಟು ದಿನದಲ್ಲಿ ಆ ಪುಸ್ತಕದ ಅಂಕಿಗಳ ಮೇಲೆ ನನಗೆ ನಂಬಿಕೆ ಹೋಗುತ್ತಿತ್ತು. ನಿದ್ದೆಗಣ್ಣಿನವನು ಹಿಂದಿನ ತಾಸಿನ ಅಂಕಿಯನ್ನೇ ಸ್ವಲ್ಪ ತಿದ್ದಿ ಬರೆದುಬಿಡುತ್ತಾನೆ. ಸತತ ಐದಾರು ತಾಸು ಬ್ರಿಕ್ಸ್ ಕದಲದೆ ನಿಂತಿತೆಂದರೆ ಸ್ಯಾಂಪಲ್ ತೆಗೆದಿಲ್ಲ ಎಂದೇ ಅರ್ಥ.

ಒಂದು ಹಂಗಾಮಿನಲ್ಲಿ ಇಬ್ಬರನ್ನು ಆರಿಸಿದ್ದೆವು, ಹಿಂದೆ ಮೂವರು ಕಾದಿದ್ದರು. ಆರಿಸಿದವರಲ್ಲಿ ಬೀಳಗಿ ಕಡೆಯ ಹುಡುಗನೊಬ್ಬ ಸೆಪ್ಟೆಂಬರಿನಲ್ಲೇ ಎರಡು ಪ್ಯಾರಾದ ಕಾಗದ ಬರೆದ: ಬೇರೆ ಕಡೆ ಒಪ್ಪಿಕೊಂಡಿದ್ದೇನೆ, ನನ್ನ ಜಾಗಕ್ಕೆ ಮುಂದಿನವರನ್ನು ಕರೆಯಿರಿ. ಅದೇ ವಾರ ಕಾಯುವವರ ಪಟ್ಟಿಯ ಮೊದಲಿನವನಿಗೆ ಆದೇಶ ಹೋಯಿತು, ಅವನು ಪ್ರದೀಪನಕ್ಕೆ ಮೊದಲೇ ಬಂದು ಕೆಲಸ ನೋಡಿಕೊಂಡ. ಇನ್ನೊಬ್ಬ ಆದೇಶ ಪಡೆದು, ಬರುತ್ತೇನೆಂದು ಒಪ್ಪಿಗೆಯನ್ನೂ ಕೊಟ್ಟು, ಪಾಳಿಯ ಚಾರ್ಟಿನಲ್ಲಿ ಹೆಸರು ಹಾಕಿದ ಮೇಲೆ ನಾಪತ್ತೆಯಾದ. ನಾವು ಕಾದೆವು. ಕಾದು ಸಾಕಾಗಿ ಪಟ್ಟಿಯಲ್ಲಿ ಉಳಿದವರನ್ನು ವಿಚಾರಿಸಿದರೆ ಅಷ್ಟರಲ್ಲಿ ಅವರು ಬೇರೆ ಕಾರ್ಖಾನೆ ಸೇರಿಕೊಂಡಿದ್ದರು. ಆ ಹಂಗಾಮನ್ನು ಒಬ್ಬ ಕೆಮಿಸ್ಟ್ ಕಡಿಮೆ ಇಟ್ಟುಕೊಂಡೇ ಮುಗಿಸಿದೆವು.

ಕೆಲ ವರ್ಷ ಬಿಟ್ಟು ಅವರಿಬ್ಬರ ಅರ್ಜಿಗಳೂ ಮತ್ತೆ ನನ್ನ ಟೇಬಲ್ಲಿಗೆ ಬಂದವು. ಬೀಳಗಿಯವನನ್ನು ಕರೆದೆ. ಅವನ ಹಳೆಯ ಕಾಗದದಲ್ಲಿ ಮುಂದೆ ಅವಕಾಶವಿದ್ದರೆ ತಿಳಿಸಿ ಎಂಬ ಸಾಲೇನೂ ಇರಲಿಲ್ಲ, ಸೆಪ್ಟೆಂಬರಿನ ತಾರೀಖು ಇತ್ತು. ನಾಪತ್ತೆಯಾದವನ ಅರ್ಜಿ ಬಹಳ ವಿನಯವಾಗಿತ್ತು. ಅದನ್ನು ಪಕ್ಕಕ್ಕಿಟ್ಟೆ. ಸಕ್ಕರೆಯವರ ಲೋಕ ಸಣ್ಣದು. ಚೀಫ್ ಕೆಮಿಸ್ಟರು ಕೃಷ್ಣೆಯಿಂದ ಘಟಪ್ರಭೆಗೆ, ಅಲ್ಲಿಂದ ಮಹಾರಾಷ್ಟ್ರಕ್ಕೆ ಬದಲಾಗುತ್ತಾ ಇರುತ್ತಾರೆ, ಹೋದಲ್ಲೆಲ್ಲ ಹೆಸರುಗಳನ್ನೂ ಹೊತ್ತೊಯ್ಯುತ್ತಾರೆ. ಇದು ನ್ಯಾಯವೋ ಅಲ್ಲವೋ, ನಡೆಯುವುದು ಹೀಗೆ.

ಕಾನೂನು ಇದಕ್ಕಿಂತ ಉದಾರಿ. ಆದೇಶ ಬರುವ ಮೊದಲು ಅರ್ಜಿ ಹಿಂತೆಗೆಯಲು ಯಾರ ಅಪ್ಪಣೆಯೂ ಬೇಡ. ಒಪ್ಪಿಗೆಯ ಕಾಗದ ಡಬ್ಬಿಗೆ ಬಿದ್ದ ಮೇಲೂ, 1872ರ ಕರಾರು ಕಾಯ್ದೆಯ ಪ್ರಕಾರ, ಅದು ಎದುರಿನವರ ಅರಿವಿಗೆ ಬರುವ ಮುಂಚೆ ಒಪ್ಪಿಗೆಯನ್ನು ರದ್ದು ಮಾಡಬಹುದು. ತಂತಿ ಕೊಟ್ಟು ರದ್ದು ಮಾಡುವ ಉದಾಹರಣೆ ಕಾಯ್ದೆಯಲ್ಲೇ ಇದೆ ಎಂದು ಜಮಖಂಡಿ ಕೋರ್ಟಿನ ವಕೀಲರೊಬ್ಬರು ನನಗೆ ಪುಸ್ತಕ ತೆಗೆದು ತೋರಿಸಿದ್ದರು. ಕಾಗದ ಮುಟ್ಟಲು ದಿನಗಳು ಹಿಡಿಯುತ್ತಿದ್ದ ಕಾಲದಲ್ಲಿ ಮನಸ್ಸು ಬದಲಾದವನಿಗೆ ತಂತಿ ಆಫೀಸಿನವರೆಗೆ ಓಡುವ ವೇಳೆ ಉಳಿದಿರುತ್ತಿತ್ತು. ತಂತಿ 2013ರ ಜುಲೈಯಲ್ಲಿ ನಿಂತಿತು. ಈಗ ಒಪ್ಪಿಗೆ ಹೋಗುವುದೇ ಇ-ಮೇಲಿನಲ್ಲಿ. ಅದನ್ನು ಹಿಂದೆ ಹಾಕಿ ಮೊದಲು ಮುಟ್ಟುವ ಸಾಧನ ಇನ್ನೊಂದಿಲ್ಲ.

ಇದನ್ನೆಲ್ಲ ಮತ್ತೆ ಮಾತಾಡುವ ಪ್ರಸಂಗ ಬಂದದ್ದು ಹೋದ ವರ್ಷ, ಬನಹಟ್ಟಿಯ ನನ್ನ ತಂಗಿಯ ಮಗಳಿಂದ. ಮನೆಯಲ್ಲಿ ಪವರ್‌ಲೂಮ್, ಹುಡುಗಿ ಕಲಿತದ್ದು ಕಂಪ್ಯೂಟರ್. ಬೆಂಗಳೂರಿನ ಎರಡು ಕಂಪನಿಗಳಲ್ಲಿ ಸಂದರ್ಶನವಾಗಿ, ಒಂದರಿಂದ ಆಫರ್ ಬಂದಿತ್ತು. ಇನ್ನೊಂದರ ಪುಟದಲ್ಲಿ `Withdraw` ಎಂಬ ಬಟನ್ ಇತ್ತು.

"ಮಾಮಾ, ಇದನ್ನ ಒತ್ತಿದರ ಮುಗೀತಲ್ಲ, ಮತ್ಯಾಕ ಬರೀಬೇಕು?" ಎಂದಳು.

"ನಿನ್ನ ಇಂಟರ್‌ವ್ಯೂ ಮಾಡಿದವರು ಯಾರು? ಬಟನ್ನೇನು?"

ಬರೀ ಅರ್ಜಿ ಹಾಕಿ ಸುಮ್ಮನಿದ್ದಲ್ಲಿ ಬಟನ್ ಒತ್ತಿದರೆ ಸಾಕು. ತಾಸುಗಟ್ಟಲೆ ಕೂತು ಮಾತಾಡಿಸಿದವರಿಗೆ ಸುದ್ದಿ ತಾನಾಗಿ ಹೋಗಿ ಮುಟ್ಟುತ್ತದೆಂಬ ಭರವಸೆ ಇಲ್ಲ. ಆದರೆ ಅದಕ್ಕೂ ಮೊದಲು ಕೇಳಿದೆ: ಆಫರ್ ಕಾಗದದಲ್ಲಿ ಬಂದಿದೆಯೋ, ಫೋನಿನಲ್ಲಿ ಹೇಳಿದ್ದೋ? ಫೋನಿನಲ್ಲಿ ಎಂದಳು. ಹಾಗಾದರೆ ತಡೆ ಎಂದೆ. ಹುದ್ದೆ, ಪಗಾರ, ಸೇರುವ ತಾರೀಖು ಇರುವ ಪತ್ರ ಕೈಗೆ ಬಂದು, ಸಹಿ ಮಾಡಿ ಕಳಿಸಿ, ಮುಟ್ಟಿತು ಎಂದು ಅವರು ತಿಳಿಸುವ ತನಕ ಇನ್ನೊಂದು ಬಾಗಿಲು ಮುಚ್ಚಬಾರದು. ಮುಟ್ಟಿದ ದಿನವೇ ಮುಚ್ಚಬೇಕು, ಮರುವಾರ ಅಲ್ಲ.

ಪತ್ರ ಬಂತು. ಅವಳು ಬರೆದ ಮೊದಲ ಕರಡು ಉದ್ದವಾಗಿತ್ತು, ಅರ್ಧ ಹೊಗಳಿಕೆ, ಅರ್ಧ ವಿಷಾದ. ವಿಷಯದ ಸಾಲಿನಲ್ಲಿ ಹೆಸರು, ಹುದ್ದೆ, ಅರ್ಜಿ ನಂಬರು ಹಾಕಿಸಿದೆ. ಕಾಕಾನ ಜಾವಕ ನಂಬರಿನ ಕೆಲಸವನ್ನು ಈಗ ಅದೇ ಮಾಡುತ್ತದೆ. ಮೊದಲ ವಾಕ್ಯದಲ್ಲೇ ಅರ್ಜಿ ವಾಪಸ್ ಎಂಬ ಮಾತು ಬರಲಿ ಎಂದೆ, ಮೊಬೈಲಿನಲ್ಲಿ ಓದುವವರು ಮೊದಲ ವಾಕ್ಯದಾಚೆ ಹೋಗುತ್ತಾರೆಂಬ ನೆಚ್ಚಿಗೆ ನನಗಿಲ್ಲ. ಭವಿಷ್ಯದ ಸಾಲನ್ನು ಮಾತ್ರ ಅವಳು ನನಗಿಂತ ಚೆನ್ನಾಗಿ ಬರೆದಳು: ಸಂದರ್ಶನದಲ್ಲಿ ಚರ್ಚೆಯಾದ ಡೇಟಾಬೇಸ್ ಕೆಲಸದಲ್ಲಿ ತನಗೆ ಆಸಕ್ತಿ ಉಳಿದಿದೆ, ಎರಡು ವರ್ಷದ ನಂತರ ಆ ತಂಡದಲ್ಲಿ ಜಾಗವಿದ್ದರೆ ಮತ್ತೆ ಅರ್ಜಿ ಹಾಕುತ್ತೇನೆ ಎಂದು. ಒಪ್ಪಿಕೊಂಡ ಕಂಪನಿಯ ಹೆಸರನ್ನೂ ಬರೆದಳು. ನಾನು ಬೇಡ ಎಂದೆ, ಅವಳು ನಕ್ಕಳು. ಸೇರಿದ ವಾರವೇ ಲಿಂಕ್ಡ್‌ಇನ್‌ನಲ್ಲಿ ಎಲ್ಲರಿಗೂ ಕಾಣುವುದನ್ನು ಮುಚ್ಚಿಡುವುದು ಯಾಕೆ ಎಂಬ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಅವಳ ಅಣ್ಣ ಬ್ಯಾಂಕ್ ಪರೀಕ್ಷೆ ಬರೆದವನು. ತಾನೂ ಹೀಗೆಯೇ ಬರೆಯಬೇಕೇ ಎಂದು ಕೇಳಿದ. ಅಲ್ಲಿ ಈ ಕಾಗದಕ್ಕೆ ಅಷ್ಟು ಕೆಲಸವಿಲ್ಲ. ಸೇರುವುದಿಲ್ಲ ಎಂದು ತಿಳಿಸಬಹುದು, ಆದರೆ ಪಟ್ಟಿ ನಿಯಮದಂತೆ ಮುಂದೆ ಸರಿಯುತ್ತದೆ. ಮುಂದಿನ ಸಲ ಹೊಸ ಅರ್ಜಿ, ಹೊಸ ಪರೀಕ್ಷೆ. ಹಿಂದೆ ವಿನಯದಿಂದ ಬರೆದಿದ್ದ ಎಂದು ಅಂಕ ಕೊಡುವವರಿಲ್ಲ.

ತಂಗಿಯ ಮಗಳಿಗೆ ಮರುದಿನವೇ ಉತ್ತರ ಬಂತು. ಅಭಿನಂದನೆ ಹೇಳಿ, ಇದೇ ಕೆಲಸ ಬಲ್ಲ ಬೇರೆ ಯಾರಾದರೂ ಗೊತ್ತಿದ್ದರೆ ತಿಳಿಸಿ ಎಂದು ಕೇಳಿದ್ದರು. ರಬಕವಿಯ ಗೆಳತಿಯನ್ನು ಕೇಳಿ, ಒಪ್ಪಿದ ಮೇಲೆ ಅವಳ ಹೆಸರು ಕಳಿಸಿದಳು. ಗೆಳತಿಯನ್ನು ಸಂದರ್ಶನಕ್ಕೆ ಕರೆದರು, ತೆಗೆದುಕೊಳ್ಳಲಿಲ್ಲ. ಆಗಲಿಲ್ಲ ಎಂದು ತಿಳಿಸುವ ಒಂದು ಸಾಲನ್ನೂ ಅವಳಿಗೆ ಬರೆಯಲಿಲ್ಲ.